ಹತ್ತಕ್ಕೆ ಆರು ಎಂದು ಬರೆದು ಮಾರಿದ ಹಾಗಲ ಬೀಜ

ಹಾಗಲ ಬೀಜದ ಪೊಟ್ಟಣದ ಮೇಲೆ ‘ಹತ್ತಕ್ಕೆ ಆರು ಮೊಳೆಯುತ್ತವೆ’ ಎಂದು ಅಚ್ಚು ಹಾಕಿಸಿದಾಗ ನಮ್ಮ ಬಾವ, ‘ನಾಲ್ಕು ಹುಟ್ಟುವುದಿಲ್ಲ ಎಂದು ನೀನೇ ಸಾರಿಕೊಂಡು ಮಾರುತ್ತೀಯಾ?’ ಎಂದು ನಕ್ಕಿದ್ದರು. ಈ ಸಲ ಯುಗಾದಿಯೊಳಗೆ ಎಂಟುನೂರರ ಹತ್ತಿರ ಪೊಟ್ಟಣ ಖರ್ಚಾದವು. ಹಣ ವಾಪಸ್ ಕೇಳಿದವರು ಐದಾರು ಮಂದಿ ಇರಬಹುದು.

ಅದಕ್ಕೂ ಹಿಂದಿನ ವರ್ಷ ‘ಶೇ 85’ ಎಂದು ಬರೆದು ಸುಮಾರು ಆರು ಸಾವಿರ ರೂಪಾಯಿ ಹಿಂದಿರುಗಿಸಿದ್ದೆ. ಸುಳ್ಳೇನೂ ಬರೆದಿರಲಿಲ್ಲ. ನೂರು ಬೀಜದ ಮೂತಿಯನ್ನು ಉಗುರುಕತ್ತರಿಯಿಂದ ಚಿವುಟಿ, ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಿದ್ದೆ. ಎಂಬತ್ತೇಳೋ ಎಂಬತ್ತೆಂಟೋ ಬಂದಿದ್ದವು. ಕೊಂಡವರು ಡಿಸೆಂಬರ್ ಚಳಿಯಲ್ಲಿ, ಚಿವುಟದೆ, ತಣ್ಣನೆಯ ಕುಂಡಕ್ಕೆ ಹಾಕಿದರು. ಅರ್ಧ ಮಣ್ಣಿನಲ್ಲೇ ಕೊಳೆತವು. ನಾನು ಬರೆದದ್ದು ನಮ್ಮ ಅಡುಗೆಮನೆಯ ಲೆಕ್ಕ, ಅವರ ಮಹಡಿಯದ್ದಲ್ಲ. ಸಾಲದ್ದಕ್ಕೆ, ಹಣ್ಣು ಒಡೆದ ಹದಿನೈದೇ ದಿನಕ್ಕೆ ಪೊಟ್ಟಣ ಕಟ್ಟಿದ್ದೆ. ಹೊಸ ಹಾಗಲ ಬೀಜ ಕೆಲವು ವಾರ ಮಲಗಿಯೇ ಇರುತ್ತದೆ.

ಈಗ ಬೀಜವನ್ನು ಎರಡು ತಿಂಗಳು ಇಟ್ಟು, ಅಂಗಳದ ಮಣ್ಣಿನಲ್ಲೇ ನೂರು ಬೀಜ ಊರಿ, ಹದಿನಾಲ್ಕು ದಿನ ಎಣಿಸುತ್ತೇನೆ. ಚಿವುಟುವುದಿಲ್ಲ, ಬರೀ ನೆನೆಸುತ್ತೇನೆ. ಮೂರು ಸಲವೂ ಅರವತ್ತರ ಆಚೀಚೆ ಬಂತು, ಅದನ್ನೇ ಬರೆದೆ. ಪೊಟ್ಟಣಕ್ಕೆ ಹನ್ನೆರಡು ಬೀಜ, ಇಪ್ಪತ್ತು ರೂಪಾಯಿ. ಏಳು ಹುಟ್ಟಿದರೂ ನಾಲ್ಕು ಜನರ ಮನೆಗೆ ಬೇಕಾದ ಮೂರು ಬಳ್ಳಿ ಆರಿಸಿಕೊಳ್ಳಬಹುದು. ‘ಜನವರಿ ಕೊನೆಯಿಂದ ಫೆಬ್ರುವರಿ, ಇಲ್ಲವೇ ಜೂನ್–ಜುಲೈ, ಚಳಿಯಲ್ಲಿ ಬೇಡ’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ ಮೇಲೆ ದೂರು ಬಹುಮಟ್ಟಿಗೆ ನಿಂತೇಹೋಯಿತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನಾಟಿ ಅವರೆಗೆ ‘ವರ್ಷವಿಡೀ’ ಎಂದು ಬರೆಯಬಹುದೇ ನೋಡೋಣವೆಂದು ಫೆಬ್ರುವರಿಯಲ್ಲಿ ಬಿತ್ತಿದೆ. ಬಳ್ಳಿ ಮಾವಿನ ಮರವನ್ನೇ ಹತ್ತಿತು, ಹೂವಿನ ಸುಳಿವಿಲ್ಲ. ಹಗಲು ಗಿಡ್ಡವಾಗುವವರೆಗೆ ಅದು ಹೂ ಬಿಡುವುದಿಲ್ಲ. ಅವರೆ ಪೊಟ್ಟಣದ ಮೇಲೆ ಜುಲೈ–ಆಗಸ್ಟ್ ಎಂದಷ್ಟೇ ಉಳಿಸಿದೆ.

ಬೀಜದ ಶೇಖರಣೆಯ ಬಗ್ಗೆ ಮೊದಮೊದಲು ‘ಫ್ರಿಜ್‌ನಲ್ಲಿಡಿ’ ಎಂದಷ್ಟೇ ಬರೆದು ಕೆಟ್ಟೆ. ತಣ್ಣನೆಯ ಡಬ್ಬಿಯನ್ನು ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ಒಳಗೆ ಬೆವರುತ್ತದೆ, ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಈಗಿನ ಸಾಲು ಹೀಗಿದೆ: ‘ಹುರಿದು ಆರಿಸಿದ ಅಕ್ಕಿ ಒಂದು ಹಿಡಿ ಹಾಕಿ ಬಿಗಿಯಾಗಿ ಮುಚ್ಚಿ, ಹೊರಗೆ ತೆಗೆದು ಎರಡು ಗಂಟೆ ಬಿಟ್ಟು ತೆರೆಯಿರಿ.’ ಅವರೆಗೆ ಹುಳು ಬೀಳದಂತೆ ನಾನು ಸವರುವುದೇನು ಎಂದು ಹಲವರು ಕೇಳುತ್ತಾರೆ. ಅದನ್ನು ಹೇಳುವುದಿಲ್ಲ, ಅಡುಗೆಮನೆಯದ್ದೇ ಎಂಬುದಷ್ಟನ್ನು ಹೇಳಬಲ್ಲೆ.

ಈರುಳ್ಳಿ ಬೀಜ ಮಾತ್ರ ನನ್ನ ಕೈಗೆ ಇನ್ನೂ ಒಗ್ಗಿಲ್ಲ. ಒಂದು ಮಳೆಗಾಲ ಕಳೆದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಕಳೆದ ವರ್ಷ ಉಳಿದ ಒಂದೂವರೆ ಕಿಲೋವನ್ನು ತಿಪ್ಪೆಗೆ ಸುರಿದೆ.