ಮೂರು ಗಂಟೆಗೂ ಹಸಿರಾಗಿದ್ದ ಸೊಪ್ಪು

ಹಾಸನದಲ್ಲಿ ನಮ್ಮದೊಂದು ಊಟದ ಮನೆ. ಮಧ್ಯಾಹ್ನ ಎಂಬತ್ತರಿಂದ ತೊಂಬತ್ತು ಊಟ ಹೋಗುತ್ತದೆ. ಹನ್ನೆರಡಕ್ಕೆ ಎಲೆ ಹಾಕಿದರೆ ಕೊನೇ ಪಂಕ್ತಿ ಏಳುವಾಗ ಮೂರು ಗಂಟೆ. ಮೊದಲ ಎರಡು ವರ್ಷ ನನ್ನನ್ನು ಕಾಡಿದ್ದು ಈ ಮೂರು ಗಂಟೆಯೇ. ಹನ್ನೆರಡಕ್ಕೆ ಚೆನ್ನಾಗಿದ್ದ ಪಾಲಕ್ ಮಸ್ಸೊಪ್ಪು ಒಂದೂವರೆಗೆ ಒಣಗಿದ ಸಗಣಿಯ ಬಣ್ಣಕ್ಕೆ ತಿರುಗುತ್ತಿತ್ತು. ಮೆಂತ್ಯ ಸೊಪ್ಪಿನ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಏಳುವವರೇ ಜಾಸ್ತಿ. ದಿನಕ್ಕೆ ಎರಡು ಕೆಜಿಯಷ್ಟು ಪಲ್ಯ ದನಕ್ಕೆ ಹೋಗುತ್ತಿತ್ತು. ಸೊಪ್ಪು, ಎಣ್ಣೆ, ಕಾಯಿ ಎಲ್ಲಾ ಸೇರಿಸಿದರೆ ನೂರೈವತ್ತು ರೂಪಾಯಿಗೆ ಕಮ್ಮಿ ಇಲ್ಲ. ತಿಂಗಳಿಗೆ ಲೆಕ್ಕ ಹಾಕಿದಾಗ ಒಬ್ಬ ಹುಡುಗನ ಅರ್ಧ ಸಂಬಳ ಅದರಲ್ಲೇ ಹೋಗಿತ್ತು.

ಸೊಪ್ಪನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಹಾಕುವುದು ಅಡುಗೆಯವರಿಗೆಲ್ಲ ಗೊತ್ತಿರುವ ಕೆಲಸವೇ. ನನಗೂ ಗೊತ್ತಿತ್ತು. ಆದರೆ ನಾಲ್ಕು ಜನರ ಸೊಪ್ಪಿಗೆ ಆಗುವುದು ತೊಂಬತ್ತು ಜನರ ಸೊಪ್ಪಿಗೆ ಆಗುತ್ತಿರಲಿಲ್ಲ. ನಮ್ಮ ಅಡುಗೆಯ ಅಣ್ಣ ಮೂವತ್ತು ವರ್ಷ ಮದುವೆ ಮನೆ ಅಡುಗೆ ಮಾಡಿದವರು. "ಅಕ್ಕಾ, ಇದೆಲ್ಲ ದೊಡ್ಡ ಹೋಟೆಲ್ ಆಟ. ಸೊಪ್ಪು ಅಂದ್ಮೇಲೆ ಬೆಂದು ಮೆತ್ತಗಾಗ್ಬೇಕು, ಬಣ್ಣ ಯಾರ್ ನೋಡ್ತಾರೆ" ಅಂದರು. ಹೊಳೆನರಸೀಪುರದ ಕಡೆಯವರಾದ ನಮ್ಮ ಅತ್ತೆಯದು ಇನ್ನೊಂದು ಮಾತು: "ಹಿಂಗ್ ತೋಯ್ಸಿ ತೆಗುದ್ರೆ ಬೇಯ್ತದೇನವ್ವಾ? ಸಾರವೆಲ್ಲ ನೀರ್ಗೋಯ್ತದೆ." ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇತ್ತು.

ಮೊದಲ ಸಲ ಮಾಡಿದ ತಪ್ಪು ನೀರಿನದು. ಎಂಟು ಲೀಟರ್ ನೀರು ಕುದಿಸಿ ನಾಲ್ಕು ಕೆಜಿ ಪಾಲಕ್ ಒಟ್ಟಿಗೇ ಸುರಿದೆ. ಕುದಿ ನಿಂತೇ ಹೋಯಿತು, ಮತ್ತೆ ಏಳಲು ಆರೇಳು ನಿಮಿಷ ಹಿಡಿಯಿತು. ಅಷ್ಟರಲ್ಲಿ ಗ್ಯಾಸ್ ಉಳಿಸೋಣ ಎಂದು ಹುಡುಗ ಮೇಲೆ ತಟ್ಟೆ ಬೇರೆ ಮುಚ್ಚಿದ. ತೆಗೆದಾಗ ಸೊಪ್ಪು ಬೂದು. ಸೊಪ್ಪಿನಲ್ಲೇ ಹುಳಿ ಇರುತ್ತದೆ, ಬಿಸಿ ತಾಗಿದಾಗ ಅದು ಹೊರಗೆ ಬಂದು ಹಸಿರನ್ನು ಕೊಲ್ಲುತ್ತದೆ. ನೀರು ಧಾರಾಳವಾಗಿದ್ದರೆ ಆ ಹುಳಿ ತೆಳುವಾಗುತ್ತದೆ, ಬಾಯಿ ತೆರೆದಿದ್ದರೆ ಒಂದಷ್ಟು ಹಬೆಯಲ್ಲಿ ಹಾರಿಹೋಗುತ್ತದೆ. ಮುಚ್ಚಿದರೆ ತಟ್ಟೆಗೆ ತಾಗಿ ಅದೇ ಹನಿ ಪಾತ್ರೆಗೆ ವಾಪಸ್ ಬೀಳುತ್ತದೆ.

ಈಗ ಇಪ್ಪತ್ತು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆಯಲ್ಲಿ ಹನ್ನೆರಡು ಲೀಟರ್ ನೀರು, ಎರಡು ಹಿಡಿ ಕಲ್ಲುಪ್ಪು, ಅಂದಾಜು ನೂರು ಗ್ರಾಂ. ಒಂದು ಸಲಕ್ಕೆ ಬಿಡಿಸಿದ ಸೊಪ್ಪು ಒಂದು ಕೆಜಿ ಮಾತ್ರ. ನನ್ನ ಪರೀಕ್ಷೆ ಸುಲಭ: ಸೊಪ್ಪು ಹಾಕಿದ ಮೇಲೆ ಇಪ್ಪತ್ತು ಎಣಿಸುವಷ್ಟರಲ್ಲಿ ಅಂಚಿನಲ್ಲಿ ಗುಳ್ಳೆ ಮತ್ತೆ ಏಳಬೇಕು. ಏಳದಿದ್ದರೆ ಸೊಪ್ಪು ಜಾಸ್ತಿಯಾಯಿತು ಅಂತ, ಮುಂದಿನ ಸಲ ಕಮ್ಮಿ ಮಾಡುತ್ತೇನೆ. ಪಾಲಕ್‌ಗೆ ಮೂವತ್ತು ಎಣಿಕೆ ಸಾಕು. ನೀರಿಗೆ ಬಿದ್ದ ಕೂಡಲೇ ಎಲೆ ಹೊಲದಲ್ಲಿದ್ದುದಕ್ಕಿಂತಲೂ ಹೆಚ್ಚು ಹಸಿರಾಗಿ ಕಾಣುತ್ತದೆ, ಎಲೆಯೊಳಗಿನ ಗಾಳಿ ಹೊರಗೆ ಹೋಗಿರುತ್ತದೆ ಅಷ್ಟೇ. ಆ ಬಣ್ಣ ನೋಡಿ ಮೋಸ ಹೋಗಬಾರದು. ಅದು ಬಂದ ಮೇಲೂ ದಂಟು ಬಾಗುವ ತನಕ ಕಾಯಬೇಕು, ಬಾಗಿದ ಮೇಲೆ ಒಂದು ಕ್ಷಣವೂ ಕಾಯಬಾರದು.

ಎರಡನೇ ಸೋಲು ತಣ್ಣೀರಿನದು. ಡಿಸೆಂಬರ್‌ನಲ್ಲಿ ಶುರು ಮಾಡಿದ್ದೆ. ಆಗ ಹಾಸನದಲ್ಲಿ ಬೆಳಿಗ್ಗೆ ನಲ್ಲಿ ನೀರಿಗೆ ಕೈ ಇಟ್ಟರೆ ಜೋಮು ಹಿಡಿಯುತ್ತದೆ, ಕೆಲಸ ಸಲೀಸು. ಮಾರ್ಚ್‌ವರೆಗೂ ಚೆನ್ನಾಗಿ ನಡೆಯಿತು, ಅಡುಗೆಯ ಅಣ್ಣನೂ ಸುಮ್ಮನಾಗಿದ್ದರು. ಏಪ್ರಿಲ್ ಬಂದಿದ್ದೇ ತಡ ಮತ್ತೆ ಅದೇ ಸಗಣಿ ಬಣ್ಣ. ಸೊಪ್ಪು ಬದಲಾಯಿತಾ, ಉಪ್ಪು ಬದಲಾಯಿತಾ ಎಂದು ಒಂದು ವಾರ ತಲೆ ಕೆಡಿಸಿಕೊಂಡೆ. ಕಡೆಗೆ ತಣ್ಣೀರಿನ ಬಕೆಟ್‌ಗೆ ಕೈ ಹಾಕಿದರೆ ಬೆಚ್ಚಗಿದೆ. ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನೀರು! ಸೊಪ್ಪಿನ ಮುದ್ದೆಯ ನಡುಮಧ್ಯ ಬಿಸಿ ಹಾಗೇ ಉಳಿದು ಬೇಯುತ್ತಲೇ ಇತ್ತು. ಐಸ್ ತರಿಸಿ ನೋಡಿದೆ, ದಿನಕ್ಕೆ ನಲವತ್ತು ಐವತ್ತು ರೂಪಾಯಿ, ಅದು ನಮಗೆ ಗಿಟ್ಟುವುದಿಲ್ಲ. ಈಗ ರಾತ್ರಿಯೇ ಎರಡು ಮಣ್ಣಿನ ಹರವಿಯಲ್ಲಿ ನೀರು ತುಂಬಿಡುತ್ತೇನೆ, ಫ್ರಿಜ್‌ನಲ್ಲಿ ನಾಲ್ಕು ಸ್ಟೀಲ್ ಡಬ್ಬಿ ನೀರು ಗಡ್ಡೆ ಕಟ್ಟಲು ಇಡುತ್ತೇನೆ. ಸೊಪ್ಪು ಮೊದಲು ಹರವಿಯ ನೀರಿಗೆ, ಆಮೇಲೆ ಗಡ್ಡೆ ಹಾಕಿದ ನೀರಿಗೆ. ಕೈ ಹಾಕಿ ಮುದ್ದೆ ಬಿಡಿಸಿ ನಡುವೆ ಬಿಸಿ ಇಲ್ಲವೆಂದು ನೋಡಿ ತಕ್ಷಣ ತೆಗೆಯುತ್ತೇನೆ. ನೀರಲ್ಲೇ ಬಿಟ್ಟರೆ ರುಚಿ ಹೋಗುತ್ತದೆ, ಅತ್ತೆ ಹೇಳಿದ್ದು ಅಲ್ಲಿ ನಿಜ.

ಮೆಂತ್ಯದ ಕಹಿಗೆ ಮೊದಲು ಮಾಡುತ್ತಿದ್ದುದು ಎಲ್ಲರೂ ಮಾಡುವುದೇ: ಉಪ್ಪು ಸವರಿ ಕಾಲು ಗಂಟೆ ಇಟ್ಟು ಹಿಂಡುವುದು. ಕಹಿ ಹೋಗುತ್ತದೆ, ಆದರೆ ಎಲೆ ನಜ್ಜುಗುಜ್ಜಾಗಿ ಬಾಣಲೆಗೆ ಬೀಳುವ ಮೊದಲೇ ಕಪ್ಪಾಗಿರುತ್ತದೆ. ಕುದಿಯುವ ನೀರಿನಲ್ಲಿ ಮುಕ್ಕಾಲು ನಿಮಿಷ ಇಟ್ಟು, ತಣ್ಣಗಾಗಿಸಿ, ಎರಡೂ ಅಂಗೈ ನಡುವೆ ಗಟ್ಟಿಯಾಗಿ ಹಿಂಡಿದರೆ ಕಹಿ ಮುಕ್ಕಾಲು ಪಾಲು ನೀರಿನ ಜೊತೆ ಹೋಗುತ್ತದೆ. ಹಿಂಡುವುದರಲ್ಲೇ ಇದೆ ಗುಟ್ಟು. ಸುಮ್ಮನೆ ಜರಡಿಯಲ್ಲಿ ಬಸಿದರೆ ಕಹಿ ನೀರು ಎಲೆಯಲ್ಲೇ ಕೂತಿರುತ್ತದೆ. ಮೊದಲೇ ಹೆಚ್ಚಬಾರದು, ಎಲೆ ಇಡಿಯಾಗಿರಬೇಕು. ಹೆಚ್ಚಿ ಹಾಕಿದ ದಿನ ಪಲ್ಯದಲ್ಲಿ ಕಹಿಯೂ ಇರಲಿಲ್ಲ, ಮೆಂತ್ಯದ ಘಮವೂ ಇರಲಿಲ್ಲ, ಹುಲ್ಲು ತಿಂದ ಹಾಗಿತ್ತು. ಹೂ ಬಿಟ್ಟ ಮೆಂತ್ಯವನ್ನು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೆ ಕೊಡುತ್ತಾರೆ. ಎರಡು ಸಲ ಆಸೆಪಟ್ಟು ತಂದೆ, ಎಷ್ಟು ಹಿಂಡಿದರೂ ಬಗ್ಗಲಿಲ್ಲ. ಹಿಂಡಿದ ಮೇಲೆ ಒಗ್ಗರಣೆಯಲ್ಲಿ ಎರಡು ನಿಮಿಷ ತಿರುವಿ ಕಾಯಿ ಹಾಕುತ್ತೇನೆ. ಉಳಿದ ಕಾಲು ಪಾಲು ಕಹಿಗೆ ಒಗ್ಗರಣೆಯಲ್ಲಿ ಒಂದು ಸಾಮಾನು ಬೀಳುತ್ತದೆ. ಅದು ಬೆಲ್ಲ ಅಲ್ಲ. ಅದೊಂದು ನಮ್ಮ ಮನೆಯಲ್ಲೇ ಇರಲಿ.

ದಂಟಿನ ಸೊಪ್ಪಿನದು ಬೇರೆ ಕಥೆ, ಯಾಕೆಂದರೆ ಅದರ ನೀರು ನಮಗೆ ಬಸ್ಸಾರಿಗೆ ಬೇಕು. ಮೊದಲ ದಿನ ಅದೇ ಎರಡು ಹಿಡಿ ಉಪ್ಪಿನ ನೀರಿನಲ್ಲಿ ಅದ್ದಿ ಆ ನೀರಲ್ಲೇ ಸಾರು ಕೂಡಿಸಿದೆ. ಮೊದಲ ಪಂಕ್ತಿಯವರು ಬಾಯಿಗಿಟ್ಟು ಹಾಗೇ ಕೈ ತೊಳೆದರು. ಹನ್ನೆರಡು ಊಟದ ದುಡ್ಡು ವಾಪಸ್ ಕೊಟ್ಟೆ. ಈಗ ಬಸ್ಸಾರಿನ ದಿನ ದಂಟನ್ನೇ ಮೊದಲು ಮಾಡುತ್ತೇನೆ, ನೀರು ಐದೇ ಲೀಟರ್, ಉಪ್ಪು ಸಾರಿಗೆ ಎಷ್ಟು ಬೇಕೋ ಅಷ್ಟೇ. ಹೆಚ್ಚಿದ ದಂಟು ಮೊದಲು ನಾಲ್ಕೈದು ನಿಮಿಷ, ಎಲೆ ಕಡೆಗೆ ಒಂದು ನಿಮಿಷ, ಅದೂ ಸ್ವಲ್ಪ ಸ್ವಲ್ಪವಾಗಿ. ನೀರು ಕಮ್ಮಿ ಇರುವುದರಿಂದ ಬಣ್ಣ ಪಾಲಕ್‌ನಷ್ಟು ನಿಲ್ಲುವುದಿಲ್ಲ. ಬಸ್ಸಾರಿನ ರುಚಿಗಾಗಿ ಅಷ್ಟು ಬಿಟ್ಟುಕೊಟ್ಟಿದ್ದೇನೆ. ಅದಾದ ಮೇಲೆ ಹೊಸ ನೀರಿಟ್ಟು ಪಾಲಕ್, ಕಡೆಗೆ ಅದೇ ನೀರಿಗೆ ಮೆಂತ್ಯ. ಮೆಂತ್ಯ ಮುಂಚೆ ಬಿದ್ದರೆ ಪಾಲಕ್‌ಗೂ ಕಹಿ ಹತ್ತುತ್ತದೆ. ನಾಲ್ಕು ಸಲದ ಮೇಲೆ ಆ ನೀರು ಚೆಲ್ಲಲೇಬೇಕು. ಪಾಲಕ್ ತಿಂದಾಗ ಹಲ್ಲು ಒರಟಾಗಿ ಜುಮ್ಮೆನ್ನುವುದು ಆಕ್ಸಾಲಿಕ್ ಆಮ್ಲದಿಂದ, ಅದರಲ್ಲಿ ಒಂದು ಪಾಲು ಆ ನೀರಿಗೆ ಇಳಿದಿರುತ್ತದೆ. ದಂಟಿನಲ್ಲೂ ಅದು ಇದೆ. ಅದಕ್ಕೇ ಕಿಡ್ನಿಯಲ್ಲಿ ಕಲ್ಲಾದವರು ಬಂದರೆ ಬಸ್ಸಾರಿನ ಬದಲು ತಿಳಿಸಾರು ಕೊಡುತ್ತೇನೆ.

ಕೆಂಪು ದಂಟನ್ನು ಹೀಗೆ ಅದ್ದಲೇಬಾರದು. ಅದರ ಬಣ್ಣ ನೀರಿನಲ್ಲಿ ಕರಗುವಂಥದ್ದು. ಒಂದು ನಿಮಿಷಕ್ಕೆ ನೀರು ಬೀಟ್‌ರೂಟ್ ಹಿಂಡಿದ ಹಾಗೆ, ಎಲೆ ಮಾಸಿದ ಬಟ್ಟೆ ಹಾಗೆ. ಅದನ್ನು ನೀರು ಹಾಕದೆ, ಮುಚ್ಚದೆ, ದೊಡ್ಡ ಉರಿಯಲ್ಲಿ ಬಾಣಲೆಯಲ್ಲೇ ಬಾಡಿಸುತ್ತೇನೆ. ಸೋಡಾ ಕೂಡ ನೋಡಿದ್ದೇನೆ, ಒಂದೇ ಚಿಟಿಕೆ. ಹಸಿರು ಕಣ್ಣು ಕುಕ್ಕುವಷ್ಟು ಬಂತು, ಆದರೆ ಸೊಪ್ಪು ಲೋಳೆ ಲೋಳೆ, ಸಾಬೂನಿನ ವಾಸನೆ. ಅದರಿಂದ ವಿಟಮಿನ್ನೂ ಹಾಳು. ಇಡ್ಲಿ ಪಾತ್ರೆಯ ಹಬೆಯಲ್ಲಿ ಇಟ್ಟೂ ನೋಡಿದೆ. ರಾಶಿಯ ಮೇಲಿನದು ಹಳದಿ, ನಡುವಿನದು ಹಸಿ, ಕಹಿಯಂತೂ ಅಲ್ಲೇ.

ಇಷ್ಟೆಲ್ಲ ಸರಿಯಾದ ಮೇಲೂ ಮಸ್ಸೊಪ್ಪು ಒಂದೂವರೆಗೆ ಕೆಡುತ್ತಲೇ ಇತ್ತು. ತಪ್ಪು ಟೊಮೆಟೊದ್ದು. ಬಿಸಿ ಬೇಳೆ, ಅದರಲ್ಲಿ ಟೊಮೆಟೊ, ಹುಣಸೆ ಹುಳಿ. ಎಷ್ಟೇ ಚೆನ್ನಾಗಿ ಅದ್ದಿ ತೆಗೆದ ಸೊಪ್ಪಾದರೂ ಅದರೊಳಗೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ತಡೆಯುತ್ತದೆ. ಇದಕ್ಕೆ ಮದ್ದಿಲ್ಲ, ಬೇರೆ ಬೇರೆ ಇಡುವುದೊಂದೇ ದಾರಿ. ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಟೊಮೆಟೊ ಬೇಯಿಸಿ ಮಸೆದು ಒಗ್ಗರಣೆ ಕೊಟ್ಟು ಒಲೆ ಮೇಲೆ ಬಿಸಿಯಾಗಿ ಇಡುತ್ತೇನೆ. ಹಿಂಡಿದ ಪಾಲಕ್ ಉಂಡೆಗಳು ಒದ್ದೆ ಬಟ್ಟೆ ಸುತ್ತಿ ಫ್ರಿಜ್‌ನಲ್ಲಿ. ಪಂಕ್ತಿ ಕೂತಾಗ ಇಪ್ಪತ್ತು ಊಟಕ್ಕೆ ಬೇಕಾದಷ್ಟು ಬೇಳೆ ಸಣ್ಣ ಪಾತ್ರೆಗೆ ತೆಗೆದು, ಎರಡು ಉಂಡೆ ಹೆಚ್ಚಿ ಕಲಸಿ, ಒಂದು ಕುದಿ ಬಂದ ಕೂಡಲೇ ಇಳಿಸುತ್ತೇವೆ. ಹುಡುಗರಿಗೆ ಕೆಲಸ ಹೆಚ್ಚಾಯಿತು, ಗೊಣಗಿದರು, ಒಂದು ವಾರಕ್ಕೆ ಒಗ್ಗಿಕೊಂಡರು.

ಗ್ಯಾಸ್ ಖರ್ಚು ಏರಿದ್ದು ನಿಜ. ಮೊದಲು ಐದು ದಿನ ಬರುತ್ತಿದ್ದ ಹತ್ತೊಂಬತ್ತು ಕೆಜಿ ಸಿಲಿಂಡರ್ ಈಗ ನಾಲ್ಕೂವರೆ ದಿನ. ಆದರೆ ದನಕ್ಕೆ ಹೋಗುವ ಪಲ್ಯ ದಿನಕ್ಕೆ ಕಾಲು ಕೆಜಿಯೂ ಇಲ್ಲ, ಕೂಡಿ ಕಳೆದರೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಕೈಯಲ್ಲಿ ಉಳಿಯುತ್ತಿದೆ. ಹೋದ ತಿಂಗಳು ಅಡುಗೆಯ ಅಣ್ಣ ಸಕಲೇಶಪುರದ ಕಡೆ ಒಂದು ಮದುವೆಗೆ ಹೋದವರು ಫೋನ್ ಮಾಡಿ ಕೇಳಿದರು: "ಅಕ್ಕಾ, ಮುನ್ನೂರು ಜನಕ್ಕೆ ಪಾಲಕ್, ಎಷ್ಟು ನೀರಿಡ್ಲಿ?" ಒಂದೇ ಪಾತ್ರೆ ಸಾಲದು, ಮೂರು ಒಲೆ ಹಚ್ಚಿ ಅಂದೆ. ನನಗಿನ್ನೂ ಸರಿಹೋಗದೇ ಇರುವುದು ಮೆಂತ್ಯ ಅಕ್ಕಿ ರೊಟ್ಟಿ ಒಂದೇ. ಅದ್ದಿ ಹಿಂಡಿದ ಸೊಪ್ಪು ಹಾಕಿದರೆ ಹಿಟ್ಟು ನೀರಾಗಿ ರೊಟ್ಟಿ ತಟ್ಟಲು ಬರುವುದಿಲ್ಲ. ಹಸಿಯದನ್ನೇ ಸಣ್ಣಗೆ ಹೆಚ್ಚಿ ಹಾಕುತ್ತಿದ್ದೇನೆ, ಕಹಿ ಇದ್ದೇ ಇದೆ.