ಬಡ್ತಿ ಬಂದ ಮೇಲೆ ಸರ್‌ಗೆ ಬರೆದ ಇನ್‌ಲ್ಯಾಂಡ್ ಪತ್ರ

ಗ್ರಾಮ ಲೆಕ್ಕಿಗಳಾಗಿ ಕೆಲಸಕ್ಕೆ ಸೇರಿದ್ದೆ. ಈಗ ರಾಜಸ್ವ ನಿರೀಕ್ಷಕಿ, ಅಂದರೆ ಎಲ್ಲರೂ ಹೇಳುವ ಹಾಗೆ ಆರ್‌ಐ. ಆದೇಶದ ಪ್ರತಿ ಕೈಗೆ ಬಂದ ದಿನ ಮೊದಲು ನೆನಪಾದವರು ನಾನು ಸೇರಿದಾಗ ನಮ್ಮ ಹೋಬಳಿಗೆ ಆರ್‌ಐ ಆಗಿದ್ದವರು. ಆಮೇಲೆ ಶಿರಸ್ತೇದಾರರಾಗಿ ನಿವೃತ್ತರಾದರು. ಇಷ್ಟು ವರ್ಷವೂ ನನಗೆ ಅವರು ಬರೀ 'ಸರ್'. ಅವರಿಗೆ ಒಂದು ಧನ್ಯವಾದದ ಪತ್ರ ಬರೆಯಬೇಕು ಅನ್ನಿಸಿತು.

ಆದರೆ ಸರ್ಕಾರಿ ನೌಕರಿಯಲ್ಲಿ ಇದು ಸ್ವಲ್ಪ ಸೂಕ್ಷ್ಮದ ವಿಷಯ. ನಮ್ಮ ಬಡ್ತಿ ಯಾರೋ ಕೊಡಿಸುವಂಥದ್ದಲ್ಲ. ಇಲಾಖಾ ಪರೀಕ್ಷೆ ಪಾಸಾಗಿರಬೇಕು, ಜ್ಯೇಷ್ಠತಾ ಪಟ್ಟಿಯಲ್ಲಿ ಸರದಿ ಬರಬೇಕು, ಖಾಲಿ ಹುದ್ದೆ ಇರಬೇಕು. ಹಾಗಿರುವಾಗ 'ನಿಮ್ಮ ಕೃಪೆಯಿಂದ ಬಡ್ತಿ ಸಿಕ್ಕಿತು' ಅಂತ ಬರೆದರೆ ಅದು ಸುಳ್ಳು. ಓದಿದ ಮೂರನೆಯವರಿಗೆ ಬೇರೆ ಅರ್ಥವೂ ಬರುತ್ತದೆ. ಕಚೇರಿಯಲ್ಲಿ 'ಕೃಪೆ' ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತಲ್ವಾ! ಹಾಗಾಗಿ ಬಡ್ತಿಗೆ ಧನ್ಯವಾದ ಹೇಳಬಾರದು, ಕಲಿಸಿದ ಕೆಲಸಕ್ಕೆ ಹೇಳಬೇಕು ಅಂತ ಮೊದಲೇ ತೀರ್ಮಾನಿಸಿದೆ.

ಯಾವ ಕೆಲಸ? 'ನೀವು ಎಷ್ಟೋ ಕಲಿಸಿದ್ದೀರಿ' ಅಂತ ಬರೆಯೋದು ಸುಲಭ, ಆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಹಳೆಯ ದಿನಚರಿಗಳನ್ನು ತೆಗೆದು ಕೂತೆ. ಸರ್ ಜೊತೆ ಹೋದ ಸ್ಥಳ ತನಿಖೆಗಳು ಅದರಲ್ಲಿ ಒಂದೊಂದೇ ಸಾಲಿನಲ್ಲಿವೆ. ಓದುತ್ತಾ ಹೋದಂತೆ ಒಂದು ಪೌತಿ ಖಾತೆ ಪ್ರಕರಣದ ಹತ್ತಿರ ನಿಂತೆ. ಇವತ್ತಿಗೂ ನಾನು ದಿನಾ ಬಳಸುವ ಪಾಠ ಅದೇ.

ಗೊತ್ತಿಲ್ಲದವರಿಗೆ: ಜಮೀನಿನ ಖಾತೆದಾರರು ತೀರಿಕೊಂಡರೆ ವಾರಸುದಾರರ ಹೆಸರಿಗೆ ಪಹಣಿ ಬದಲಾಯಿಸುವುದು ಪೌತಿ ಖಾತೆ. ಹೀಗೆ ದಾಖಲೆಯಲ್ಲಿ ಹೆಸರು ಬದಲಾಯಿಸೋದಕ್ಕೆ ಕಚೇರಿಯಲ್ಲಿ ಮ್ಯುಟೇಶನ್ ಅಂತೀವಿ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಹಳ್ಳಿಗೆ ಹೋಗಿ ವಿಚಾರಿಸಿ ವರದಿ ಕೊಡುವವರು ನಾವು.

ಅವತ್ತು ಅರ್ಜಿ ಹಾಕಿದ್ದವರು ಅಣ್ಣ ತಮ್ಮ ಇಬ್ಬರು. ಜಗುಲಿ ಮೇಲೆ ಕೂತು ನಾನು "ತೀರಿಕೊಂಡವರಿಗೆ ಎಷ್ಟು ಜನ ಮಕ್ಕಳು?" ಅಂತ ಕೇಳಿದೆ. "ಇಬ್ಬರೇ ಮೇಡಂ" ಅಂದರು. ಪಕ್ಕದ ಮನೆಯವರೂ ಹೌದು ಅಂತ ತಲೆಯಾಡಿಸಿದರು. ಸರ್ ಸುಮ್ನೆ ಕಾಫಿ ಕುಡಿಯುತ್ತಾ ಇದ್ದವರು, ಒಳಗಿದ್ದ ಅಜ್ಜಿಗೆ ಕೇಳುವ ಹಾಗೆ, "ಹೆಣ್ಣುಮಕ್ಕಳನ್ನ ಯಾವೂರಿಗೆ ಕೊಟ್ಟಿದ್ದೀರಮ್ಮ?" ಅಂದರು. ಅಜ್ಜಿ ಹೊರಗೆ ಬಂದು, "ದೊಡ್ಡವಳು ಅರಕಲಗೂಡಿನ ಕಡೆ, ಚಿಕ್ಕವಳು ಕೆ.ಆರ್. ನಗರದ ಹತ್ತಿರ, ಒಳ್ಳೆ ಮನೆತನ" ಅಂತ ಖುಷಿಯಿಂದ ಹೇಳತೊಡಗಿದರು. ನಡುವಿನವಳೊಬ್ಬಳು ಹೆರಿಗೆಯಲ್ಲಿ ಹೋದಳು, ಅವಳ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ ಅನ್ನೋದೂ ಹೊರಗೆ ಬಂತು.

ಆ ಅಣ್ಣ ತಮ್ಮ ಬೇಕಂತಲೇ ಮುಚ್ಚಿಟ್ಟಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಕೊಟ್ಟ ಹೆಣ್ಣು ಬೇರೆ ಮನೆಯ ಲೆಕ್ಕ ಅನ್ನೋದು ನಮ್ಮ ಕಡೆ ಅಷ್ಟು ಸಹಜ. ಆದರೆ ಕಾನೂನಿಗೆ ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳು ಮೊದಲ ವರ್ಗದ ವಾರಸುದಾರಳು. ಅವಳು ತೀರಿಹೋಗಿದ್ದರೆ ಅವಳ ಮಕ್ಕಳು ಆ ಜಾಗಕ್ಕೆ ಬರುತ್ತಾರೆ. 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲೂ ಅವಳು ಮಗನಿಗೆ ಸಮ. "ನಮಗೆ ಬೇಡ" ಅಂತ ಹೆಣ್ಣುಮಕ್ಕಳು ಬಾಯಲ್ಲಿ ಹೇಳಿದರೆ ಸಾಲದು, ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋದರೆ ಮೊದಲಿಗೆ ಯಾರಿಗೂ ತಿಳಿಯೋದಿಲ್ಲ. ಜಮೀನು ಮಾರಾಟಕ್ಕೆ ಬಂದಾಗ ತಿಳಿಯುತ್ತದೆ. ಆಗ ಉಪವಿಭಾಗಾಧಿಕಾರಿ ಹತ್ತಿರ ಮೇಲ್ಮನವಿ, ಸಿವಿಲ್ ಕೋರ್ಟಿನಲ್ಲಿ ದಾವೆ, ಅಣ್ಣ ತಂಗಿ ಮಾತು ಬಿಡೋದು, ಎಲ್ಲ ಶುರು.

ವಿಷಯ ಸಿಕ್ಕಿತು. ಇನ್ನು ಹೇಗೆ ಕಳಿಸೋದು? ತಾಲ್ಲೂಕು ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸರ್ ಈಗಲೂ ಇದ್ದಾರೆ. ಅಲ್ಲಿ ಹಾಕಿದ್ದರೆ ಕೈಮುಗಿಯುವ ಚಿತ್ರಗಳ ಸಾಲೇ ಬರುತ್ತಿತ್ತು. ಆದರೆ ಪಟ್ಟಿಯಲ್ಲಿ ನನ್ನ ಹಿಂದೆ ಕಾಯುತ್ತಿರುವವರೂ ಅದೇ ಗುಂಪಿನಲ್ಲಿದ್ದಾರೆ. ಅದು ಬೇಡ ಅನ್ನಿಸಿ ಅಂಚೆ ಕಚೇರಿಗೆ ಹೋಗಿ 2.50 ರೂಪಾಯಿ ಕೊಟ್ಟು ಒಂದು ಇನ್‌ಲ್ಯಾಂಡ್ ಪತ್ರ ತಂದೆ. ಅದರಲ್ಲಿ ಜಾಗ ಕಮ್ಮಿ, ಹಾಗಾಗಿ ಮಾತೂ ಅಳತೆಯಲ್ಲಿರುತ್ತದೆ. ಆದೇಶ ಬಂದ ದಿನ ಬರೆಯಲಿಲ್ಲ. ಹೊಸ ಜಾಗದಲ್ಲಿ ಹಾಜರಾದ ಮೇಲೆ ಬರೆದೆ. ಆದೇಶ ತಿದ್ದುಪಡಿಯಾಗುವುದು ನಮ್ಮಲ್ಲಿ ಹೊಸದೇನಲ್ಲ!

'ವಿಷಯ', 'ಉಲ್ಲೇಖ', 'ಮಾನ್ಯರೇ' ಯಾವುದೂ ಬೇಡ ಅಂದುಕೊಂಡೆ. ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರ್ ಕೂಡ ಹಾಕಲಿಲ್ಲ, ಅದು ಅವರ ಮನೆ ವಿಷಯ. ಬರೆದದ್ದು ಇಷ್ಟು:

"ಸರ್‌ಗೆ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ನನಗೆ ಆರ್‌ಐ ಆಗಿ ಬಡ್ತಿ ಬಂದಿದೆ, ಸೋಮವಾರ ಹಾಜರಾದೆ. ಸರದಿ ಬಂತು, ಬಡ್ತಿ ಆಯಿತು. ಅದಕ್ಕಾಗಿ ಈ ಪತ್ರ ಅಲ್ಲ ಸರ್. ಜಗುಲಿ ಮೇಲೆ ಕೂತು 'ಹೆಣ್ಣುಮಕ್ಕಳನ್ನ ಯಾವೂರಿಗೆ ಕೊಟ್ಟಿದ್ದೀರಿ' ಅಂತ ನೀವು ಕೇಳಿದ್ದು ನೆನಪಿದೆಯಾ? ಅಂದಿನಿಂದ ಯಾವ ವಂಶವೃಕ್ಷದ ತನಿಖೆಗೆ ಹೋದರೂ ನಾನು ಅದೇ ಮಾತಲ್ಲಿ ಕೇಳುತ್ತೇನೆ. ಉತ್ತರ ಬರದೇ ಹೋದದ್ದಿಲ್ಲ. ಮಹಜರನ್ನು ಅಲ್ಲೇ ಬರೆದು, ಗಟ್ಟಿಯಾಗಿ ಓದಿ ಹೇಳಿ, ಖಾಲಿ ಉಳಿದ ಜಾಗಕ್ಕೆ ಗೆರೆ ಎಳೆದು, ಆಮೇಲೆ ಸಹಿ, ಹೆಬ್ಬೆಟ್ಟು ಹಾಕಿಸೋದನ್ನೂ ನಿಮ್ಮನ್ನು ನೋಡಿಯೇ ಕಲಿತೆ. ಇನ್ನು ಮೇಲೆ ತಕರಾರಿಲ್ಲದ ಮ್ಯುಟೇಶನ್‌ಗಳನ್ನ ಮಂಜೂರು ಮಾಡಬೇಕಾದವಳು ನಾನು. ಕೆಳಗಿನಿಂದ ಬಂದ ವರದಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದ್ದರೆ ಸಹಿಗೆ ಮೊದಲು ಫೋನ್ ಮಾಡಿ ಆ ಪ್ರಶ್ನೆ ಕೇಳಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಯುಗಾದಿಗೆ ಊರಿಗೆ ಬಂದಾಗ ಮನೆಗೆ ಬರುತ್ತೇನೆ."

ಅಮ್ಮ ಅಂದರೆ ಅವರ ಮನೆಯವರು. ತನಿಖೆಯಿಂದ ತಡವಾಗಿ ಬಂದಾಗ ಎಷ್ಟೋ ಸಲ ಅವರ ಕೈ ಊಟ ಮಾಡಿದ್ದೇನೆ.

ಹೊಸ ಹೋಬಳಿಯ ಒಂದು ಹಳೇ ದಾರಿ ತಕರಾರಿನ ಬಗ್ಗೆ ಸರ್ ಹತ್ತಿರ ಕೇಳೋದಿತ್ತು. ಅದನ್ನು ಪತ್ರದಲ್ಲಿ ಸೇರಿಸಲಿಲ್ಲ. ಧನ್ಯವಾದ ಹೇಳಿ, ಕೆಳಗೆ ಒಂದು ಕೆಲಸ ಹಚ್ಚಿದರೆ ಮೇಲಿನದ್ದು ಪೀಠಿಕೆಯಂತೆ ಕಾಣುತ್ತದೆ. ಉಡುಗೊರೆಯನ್ನೂ ಕಳಿಸಲಿಲ್ಲ. ಕೆಲಸದಲ್ಲಿದ್ದಾಗ ಯಾರಿಂದಲೂ ಎಳನೀರು ಸಹ ಮುಟ್ಟದವರು, ನಿವೃತ್ತರಾದ ಮೇಲೆ ನನ್ನಿಂದ ಶಾಲು ತಗೊಳ್ತಾರಾ?

ಪತ್ರ ತಲುಪಿದ ದಿನವೇ ಫೋನ್ ಬಂತು. ಪತ್ರದ ಬಗ್ಗೆ "ಬಂತಮ್ಮ, ಓದಿದೆ" ಅಂದರು, ಅಷ್ಟೇ. ಆಮೇಲೆ ನೇರವಾಗಿ, "ಚಾರ್ಜ್ ಪಟ್ಟಿಯಲ್ಲಿ ಬಾಕಿ ಮ್ಯುಟೇಶನ್ ಎಷ್ಟು ತೋರಿಸಿದ್ದಾರೆ? ಕಡತ ಕೈಯಲ್ಲಿ ಎಣಿಸಿದೆಯಾ, ಇಲ್ಲಾ ಪಟ್ಟಿ ನೋಡಿ ಸಹಿ ಹಾಕಿದೆಯಾ?" ಅಂತ ಕೇಳಿದರು. ಎಣಿಸಿಯೇ ಹಾಕಿದೆ ಅಂದೆ. "ತಕರಾರು ಬಂದಿರೋ ಕಡತಗಳನ್ನ ಬೇರೆ ಕಟ್ಟು ಮಾಡಿ ತಹಶೀಲ್ದಾರ್‌ಗೆ ಕಳಿಸಿಬಿಡು, ನಿನ್ನ ಹತ್ರ ಇಟ್ಕೋಬೇಡ" ಅಂದರು. ಮಾರನೇ ದಿನ ಅದನ್ನೇ ಮಾಡಿದೆ.