ಲೆಕ್ಕ ಚುಕ್ತಾ ಪತ್ರ: ಬೇಡ ಅಂದವರ ಮಾತು ಮೀರಿ ನಾನು ಮಾಡಿದ್ದು

ನಮ್ಮದು ಶಿವಮೊಗ್ಗದಲ್ಲಿ ಪೈಪು, ಫಿಟ್ಟಿಂಗ್ ಹೋಲ್‌ಸೇಲ್ ಅಂಗಡಿ. ಗಿರಾಕಿಗಳಲ್ಲಿ ಕಂಟ್ರಾಕ್ಟರುಗಳೇ ಜಾಸ್ತಿ, ವ್ಯವಹಾರವೆಲ್ಲ ಉದ್ದರಿ. ಕೆಲಸ ಮುಗಿದು ಪೂರ್ತಿ ದುಡ್ಡು ಬಂದ ಮೇಲೆ "ಲೆಕ್ಕ ಚುಕ್ತಾ" ಅಂತ ಪತ್ರ ಕೊಡುವ ಪದ್ಧತಿಯನ್ನು ನಾನು ಶುರು ಮಾಡಿ ಐದಾರು ವರ್ಷ ಆಯಿತು. ಆಗ ನಮ್ಮ ಭಾವ, ಅವರದ್ದೂ ಇದೇ ವ್ಯಾಪಾರ, ಸಾರಿ ಸಾರಿ ಹೇಳಿದ್ದರು: "ರಸೀದಿ ಕೊಡು ಸಾಕು. ಬಾಕಿ ಇಲ್ಲ ಅಂತ ಬರೆದು ಕೈ ಕಟ್ಟಿಸ್ಕೋಬೇಡ."

ಅವರ ಭಯಕ್ಕೆ ಕಾರಣವಿತ್ತು. ಮೊದಲ ವರ್ಷ ಒಬ್ಬ ಗಿರಾಕಿಗೆ ವಾಟ್ಸಾಪಿನಲ್ಲಿ "ನಿಮ್ಮದು ಎಲ್ಲ ಕ್ಲಿಯರ್ ಸಾರ್" ಅಂತ ಕಳಿಸಿಬಿಟ್ಟೆ. ವಾರದ ನಂತರ ಗೋಡೌನಿನ ಚಲನ್ ಪುಸ್ತಕದಲ್ಲಿ ಒಂದು ಲೋಡು ಸಿಕ್ಕಿತು. ಮಾಲು ಚೀಟಿ ಮೇಲೆ ಹೋಗಿದೆ, ಬಿಲ್ಲೇ ಆಗಿಲ್ಲ! ಸುಮಾರು 38 ಸಾವಿರ. ಕೇಳಲು ಹೋದರೆ ಅವರು ನನ್ನದೇ ಮೆಸೇಜು ತೋರಿಸಿದರು. ಹತ್ತಾರು ಸಲ ಓಡಾಡಿ ಅರ್ಧ ವಸೂಲು ಮಾಡಿದೆ. ಇನ್ನೊಂದು ಸಲ ಚೆಕ್ ಕೈಗೆ ಬಂದ ದಿನವೇ ಪತ್ರ ಕೊಟ್ಟೆ, ಚೆಕ್ ವಾಪಸ್ಸಾಯಿತು. ಪತ್ರ ಅವರ ಹತ್ತಿರ, ದುಡ್ಡೂ ಅವರ ಹತ್ತಿರ.

ಹಾಗಾಗಿ ಪತ್ರ ಕೊಡುವುದನ್ನು ಬಿಡಲಿಲ್ಲ, ಬರೆಯುವ ರೀತಿ ಬದಲಿಸಿದೆ. "ಬಾಕಿ ಇಲ್ಲ" ಅಂತ ಒಂದೇ ಮಾತಿನಲ್ಲಿ ಬರೆಯುವುದಿಲ್ಲ. ಯಾವ ಬಿಲ್ಲಿಂದ ಯಾವ ಬಿಲ್ಲಿನವರೆಗೆ ಅಂತ ನಂಬರು, ತಾರೀಕು ಹಾಕಿ ಅಷ್ಟಕ್ಕೆ ಮಾತ್ರ ಚುಕ್ತಾ ಅನ್ನುತ್ತೇನೆ. ಲೆಡ್ಜರ್ ಸೊನ್ನೆ ತೋರಿಸಿದರೆ ಸಾಲದು, ಚಲನ್ ಪುಸ್ತಕದ ಪ್ರತಿ ಹಾಳೆಗೂ ಬಿಲ್ ನಂಬರು ಬಿದ್ದಿದೆಯಾ ನೋಡಬೇಕು, ನನ್ನ 38 ಸಾವಿರ ಹೋದದ್ದು ಅಲ್ಲೇ. ಚೆಕ್ ಆದರೆ ದುಡ್ಡು ನಮ್ಮ ಖಾತೆಗೆ ಜಮಾ ಆಗಿ, ಇನ್ನೂ ಎರಡು ದಿನ ಕಳೆದ ಮೇಲೆ ಪತ್ರ.

ಒಂದು ನಿಜವಾದ ಲೆಕ್ಕ ಹೇಳುತ್ತೇನೆ, ಅಂಕಿ ನೆನಪಿನಿಂದ. ಒಬ್ಬ ಕಂಟ್ರಾಕ್ಟರ್, 11 ಬಿಲ್, ಒಟ್ಟು 4,62,340. ಮೂರು ಕಂತಿನಲ್ಲಿ ಬಂದದ್ದು 1,50,000, 2,00,000, 1,06,000. ಐದು ಸಾವಿರದ ಮಾಲು ವಾಪಸ್ ಬಂದಿತ್ತು, 18% ಜಿಎಸ್‌ಟಿ ಸೇರಿ 5,900ಕ್ಕೆ ಕ್ರೆಡಿಟ್ ನೋಟ್. ಕೊನೆಗೆ ಉಳಿದದ್ದು 440. ಅದನ್ನು ರಿಯಾಯಿತಿಗೆ ಹಾಕಿ ಮುಗಿಸಿದೆ. ಇಂಥ ಚಿಲ್ಲರೆಯನ್ನು ಸುಮ್ನೆ ಬಿಟ್ಟರೆ ಅವರ ಪುಸ್ತಕದಲ್ಲಿ ಒಂದು, ನಮ್ಮ ಪುಸ್ತಕದಲ್ಲಿ ಇನ್ನೊಂದು ಬಾಕಿ ನಿಂತು ಮಾರ್ಚ್ ಬಂದಾಗ ಎರಡೂ ಕಡೆಯ ಆಡಿಟರ್ ಫೋನ್ ಮಾಡುತ್ತಾರೆ. ಪತ್ರದ ಒಕ್ಕಣೆ ಹೀಗಿತ್ತು:

"ಈ ಕೆಳಗಿನ 11 ಬಿಲ್‌ಗಳ ಬಾಬ್ತು ರೂ. 4,56,000 (ನಾಲ್ಕು ಲಕ್ಷ ಐವತ್ತಾರು ಸಾವಿರ) ನಮಗೆ ಸಂದಿದೆ. ವಾಪಸ್ ಮಾಲಿಗೆ ರೂ. 5,900, ರಿಯಾಯಿತಿ ರೂ. 440 ನಿಮ್ಮ ಖಾತೆಗೆ ಜಮಾ ಮಾಡಿದ್ದೇವೆ. ಈ ಬಿಲ್‌ಗಳ ಲೆಕ್ಕ ಚುಕ್ತಾ ಆಗಿದೆ. ಇವುಗಳ ಬಾಬ್ತು ಯಾವ ತಗಾದೆಯೂ ಇಲ್ಲ. ಭದ್ರತೆಗೆ ಕೊಟ್ಟಿದ್ದ ಚೆಕ್ ಇದರ ಜೊತೆ ಹಿಂತಿರುಗಿಸಿದ್ದೇವೆ."

ಕೆಳಗೆ ಪ್ರತಿ ಕಂತಿಗೂ ನಮ್ಮ ಖಾತೆಗೆ ಜಮಾ ಆದ ತಾರೀಕು, ಯುಟಿಆರ್ ಅಥವಾ ಚೆಕ್ ನಂಬರು. ಹಿಂತಿರುಗಿಸಿದ ಭದ್ರತೆ ಚೆಕ್ಕಿನ ನಂಬರನ್ನೂ ಅಲ್ಲೇ ಬರೆಯುತ್ತೇನೆ. ಐದು ಸಾವಿರ ಮೀರಿದ ರಸೀದಿಗೆ ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪು, ಅದರ ಮೇಲೆ ಅಡ್ಡಲಾಗಿ ಸಹಿ. ಎರಡು ಪ್ರತಿ ಮಾಡಿ ನಮ್ಮ ಪ್ರತಿ ಮೇಲೆ ಅವರ "ಒಪ್ಪಿದೆ" ಸಹಿ ತೆಗೆದುಕೊಳ್ಳುತ್ತೇನೆ. ನಮ್ಮ ಪ್ರತಿಯಲ್ಲಿ ಇನ್ನೊಂದು ಗುರುತು ಇರುತ್ತದೆ, ಪತ್ರ ತಿದ್ದಿದ್ದರೆ ನನಗೆ ತಕ್ಷಣ ಗೊತ್ತಾಗುತ್ತದೆ. ಅದೇನು ಅಂತ ಇಲ್ಲಿ ಹೇಳುವುದಿಲ್ಲ.

ನಡುವೆ ಬಿಲ್ಲಿಂಗ್ ಮೆಷಿನ್ನಿನ ಥರ್ಮಲ್ ಕಾಗದದಲ್ಲಿ ಚುಕ್ತಾ ಚೀಟಿ ಕೊಟ್ಟು ನೋಡಿದೆ. ಖರ್ಚು ಕಮ್ಮಿ, ಆದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸಿ ಬಿಳಿ ಕಾಗದ ಉಳಿಯಿತು. ಈಗ ಲೆಟರ್‌ಹೆಡ್ಡೇ.

ಎರಡು ವರ್ಷದ ಮೇಲೆ ಅದೇ ಕಂಟ್ರಾಕ್ಟರ್ ಆಫೀಸಿಂದ ಹೊಸ ಅಕೌಂಟೆಂಟ್ ಫೋನ್ ಮಾಡಿದರು. "ನಿಮ್ಮ ಹತ್ತಿರ ನಮ್ಮದು 1,06,000 ಅಡ್ವಾನ್ಸ್ ನಿಂತಿದೆ, ವಾಪಸ್ ಕೊಡಿ." ನಾನು ಫೈಲು ತೆಗೆದು ಪತ್ರದ ಫೋಟೋ ಕಳಿಸಿದೆ. ಅದರಲ್ಲಿದ್ದ ಯುಟಿಆರ್ ಹಿಡಿದು ಅವರು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರು. ಕೊನೆ ಕಂತನ್ನು ಅವರ ಹಳೆಯ ಗುಮಾಸ್ತರು ವೋಚರ್ ನೋಡಿ ಒಂದು ಸಲ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಇನ್ನೊಂದು ಸಲ ಬರೆದಿದ್ದರು. ಬ್ಯಾಂಕಿನಿಂದ ಹೋದದ್ದು ಒಂದೇ ಸಲ. ಅರ್ಧ ಗಂಟೆಯಲ್ಲಿ ವಿಷಯ ಮುಗಿಯಿತು. ಪತ್ರ ಇದ್ದದ್ದು ಗಿರಾಕಿಯ ಅನುಕೂಲಕ್ಕೆ ಅಂತ ಎಲ್ಲರೂ ಅನ್ನುತ್ತಿದ್ದರು, ಒಂದು ಲಕ್ಷದ ತಕರಾರಿನಿಂದ ಉಳಿದವನು ನಾನು. ಭಾವ ಅದೇ ವಾರ ನಮೂನೆ ಕೇಳಿಕೊಂಡು ಹೋದರು.